54 ಮತ್ತು 55: ಅವಲಂಬನೆಯ ಲೆಕ್ಕದೊಳಗೆ ಅಡಗಿರುವ ವೃದ್ಧರು

ಮೈಸೂರು, ಮಂಡ್ಯ ಭಾಗದ ಪಂಚಾಯಿತಿ ಮತ್ತು ಆರೋಗ್ಯ ಇಲಾಖೆಯವರಿಗೆ ಜನಸಂಖ್ಯೆಯ ಪಟ್ಟಿ ಓದೋದು ಹೇಗೆ ಅಂತ ಹೇಳಿಕೊಡುವುದು ನನ್ನ ಕೆಲಸ. ಪಿರಮಿಡ್ ಚಿತ್ರದ ಬಗ್ಗೆ ಯಾರಿಗೂ ತೊಂದರೆ ಇಲ್ಲ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಕೆಳಗೆ ಮಕ್ಕಳು, ಮೇಲೆ ಮುದುಕರು. ಎಲ್ಲರಿಗೂ ಗೊತ್ತು. ಎಡವುವುದು ಅವಲಂಬನಾ ಅನುಪಾತದ ಹತ್ತಿರ, ಅಂದರೆ ದುಡಿಯುವ ವಯಸ್ಸಿನ ನೂರು ಜನಕ್ಕೆ ಮಕ್ಕಳು, ವೃದ್ಧರು ಸೇರಿ ಎಷ್ಟು ಅನ್ನುವ ಲೆಕ್ಕದ ಹತ್ತಿರ. ಪ್ರತಿ ಸಲವೂ ಅದೇ ಜಾಗದಲ್ಲಿ.

ಮಂಡ್ಯ ಜಿಲ್ಲೆಯ ಒಂದು ಸಭೆಯಲ್ಲಿ ಪಂಚಾಯಿತಿ ಸದಸ್ಯರೊಬ್ಬರು ನೇರವಾಗಿ ಕೇಳಿಬಿಟ್ಟರು: "ಸಾರ್, ಅವಲಂಬಿತರು ಕಮ್ಮಿ ಆಯ್ತಾವ್ರೆ ಅಂತ ನಿಮ್ಮ ಚಾರ್ಟೇ ಹೇಳ್ತದೆ. ಮತ್ತೆ ಮುದುಕ್ರಿಗೆ ಜಾಸ್ತಿ ದುಡ್ಡು ಎತ್ತಿಡಿ ಅಂತೀರಲ್ಲ, ಯಾವ್ದು ನಿಜ?" ಒಳ್ಳೆಯ ಪ್ರಶ್ನೆ. ಎರಡೂ ನಿಜ. ಅದು ಹೇಗೆ ಅನ್ನೋದನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬೋದಿಲ್ಲ.

ಲೆಕ್ಕಕ್ಕೆಂದು ಸಾವಿರ ಜನರ ಒಂದು ಊರನ್ನು ಕಲ್ಪಿಸಿಕೊಳ್ಳಿ. 15 ವರ್ಷದೊಳಗಿನ ಮಕ್ಕಳು 240. 15ರಿಂದ 29ರವರೆಗಿನವರು 290, 30ರಿಂದ 44ರವರೆಗಿನವರು 200, 45ರಿಂದ 59ರವರೆಗಿನವರು 160. ಈ ಮೂರನ್ನೂ ಕೂಡಿದರೆ ದುಡಿಯುವ ವಯಸ್ಸಿನವರು 650. ಅರವತ್ತು ದಾಟಿದವರು 110, ಅದರಲ್ಲಿ 75 ದಾಟಿದವರು 25. ಈಗ ಅನುಪಾತ: ಮಕ್ಕಳು ಮತ್ತು ವೃದ್ಧರು ಸೇರಿ 350, ಅದನ್ನು 650ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 54. ಅಂದರೆ ದುಡಿಯುವ ವಯಸ್ಸಿನ ನೂರು ಜನಕ್ಕೆ 54 ಅವಲಂಬಿತರು.

ಈ ಊರನ್ನು ಹದಿನೈದು ವರ್ಷ ಮುಂದಕ್ಕೆ ತಳ್ಳೋಣ. ಇವತ್ತಿನ 240 ಮಕ್ಕಳೂ ಅಷ್ಟರಲ್ಲಿ ದುಡಿಯುವ ವಯಸ್ಸಿಗೆ ಬಂದಿರುತ್ತಾರೆ. 45ರಿಂದ 59ರ 160 ಜನ ಆ ಕಡೆಯಿಂದ ಹೊರಗೆ ಹೋಗಿರುತ್ತಾರೆ. ನಡುವೆ ಕೆಲವರು ತೀರಿಕೊಂಡಿರುತ್ತಾರೆ. ಉಳಿಯುವುದು ಸುಮಾರು 710. ಹೊರಹೋದ 160ರಲ್ಲಿ ಐದರಲ್ಲಿ ನಾಲ್ಕು ಪಾಲು ಬದುಕಿರುತ್ತಾರೆ ಅಂದುಕೊಂಡರೆ 130 ಜನ 60ರಿಂದ 74ರ ಸಾಲಿಗೆ ಬರುತ್ತಾರೆ. ಹಳೆಯ ವೃದ್ಧರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಉಳಿದಿರುತ್ತಾರೆ, ಸುಮಾರು 42. ಒಟ್ಟು 172 ವೃದ್ಧರು. ಹೆರಿಗೆ ಕಡಿಮೆಯಾಗಿ ಮಕ್ಕಳು 160ಕ್ಕೆ ಇಳಿದಿದ್ದಾರೆ ಅಂತಿಟ್ಟುಕೊಳ್ಳಿ. ಈಗ ಅನುಪಾತ ಎಷ್ಟು? 332ನ್ನು 710ರಿಂದ ಭಾಗಿಸಿದರೆ 47. ಇಳಿದಿದೆ! ಸದಸ್ಯರು ನೋಡಿದ್ದು ಇದನ್ನೇ.

ಇನ್ನೂ ಹದಿನೈದು ವರ್ಷ ಮುಂದೆ ಹೋಗಿ, ಇದೇ ರೀತಿ ಲೆಕ್ಕ ಹಾಕಿ. ಮಕ್ಕಳು 130, ದುಡಿಯುವವರು ಸುಮಾರು 656, ವೃದ್ಧರು ಸುಮಾರು 229. ಅನುಪಾತ 55.

ಮೊದಲು 54, ಕೊನೆಗೆ 55. ಬರೀ ಈ ಎರಡು ಅಂಕಿ ನೋಡಿದವರು ಮೂವತ್ತು ವರ್ಷದಲ್ಲಿ ಏನೂ ಆಗಿಲ್ಲ ಅಂತಾರೆ. ಆದರೆ ಮಕ್ಕಳು 240ರಿಂದ 130ಕ್ಕೆ ಇಳಿದರು, ವೃದ್ಧರು 110ರಿಂದ 229ಕ್ಕೆ ಏರಿದರು. ಒಬ್ಬ ವೃದ್ಧರಿಗೆ ದುಡಿಯುವ ವಯಸ್ಸಿನವರು ಸುಮಾರು ಆರು ಜನ ಇದ್ದದ್ದು ನಾಲ್ಕಾಯಿತು, ಆಮೇಲೆ ಮೂರಕ್ಕೂ ಇಳಿಯಿತು. 75 ದಾಟಿದವರು 25 ಇದ್ದದ್ದು 70ರ ಹತ್ತಿರ ಬಂದರು. ಒಟ್ಟು ಅನುಪಾತ ಇದೆಲ್ಲವನ್ನೂ ಒಂದೇ ಅಂಕಿಯೊಳಗೆ ನುಂಗಿಬಿಡುತ್ತದೆ. ನಡುವೆ ಕಂಡ 47 ಇದೆಯಲ್ಲ, ಅದು ಮಕ್ಕಳು ಕಡಿಮೆಯಾಗಿ ಇನ್ನೂ ಮುದುಕರು ಅಷ್ಟೊಂದು ಜಾಸ್ತಿಯಾಗಿಲ್ಲದ ಸ್ವಲ್ಪ ಕಾಲ ಮಾತ್ರ. ಅದನ್ನು ಕಾಯಂ ಅಂತ ತಿಳಿದು ಬಜೆಟ್ ಮಾಡುವುದೇ ನನಗೆ ಬೇಜಾರು ತರಿಸುವ ವಿಷಯ.

ಹಾಗಾಗಿ ಅನುಪಾತವನ್ನು ಒಡೆದು ನೋಡಲೇಬೇಕು: ಮಕ್ಕಳದ್ದು ಬೇರೆ, ವೃದ್ಧರದ್ದು ಬೇರೆ. "ಒಟ್ಟು ಖರ್ಚು ಒಂದೇ ಅಲ್ವಾ, ಅಂಗನವಾಡಿಯಲ್ಲಿ ಉಳಿದದ್ದನ್ನು ಆಸ್ಪತ್ರೆಗೆ ಹಾಕಿದರಾಯ್ತು" ಅನ್ನುವವರಿದ್ದಾರೆ. ಹಾಗಾಗುವುದಿಲ್ಲ. ಮಗುವಿನ ಖರ್ಚಿನಲ್ಲಿ ದೊಡ್ಡ ಪಾಲು ಮನೆಯವರೇ ಹೊರುತ್ತಾರೆ. ವೃದ್ಧರ ಪಿಂಚಣಿಯಲ್ಲಿ ಸರ್ಕಾರದ ಪಾಲು ಜಾಸ್ತಿ. ಇಲಾಖೆ ಬೇರೆ, ಲೆಕ್ಕಶೀರ್ಷಿಕೆ ಬೇರೆ. ಶಾಲೆಯ ಒಂದು ಕೊಠಡಿ ಖಾಲಿಯಾದರೆ ನರ್ಸ್ ಹುದ್ದೆ ತಾನಾಗಿ ಹುಟ್ಟುವುದಿಲ್ಲ.

ಇದು ಬರೀ ಕಲ್ಪನೆಯ ಊರಿನ ಕತೆ ಅಂತ ತಳ್ಳಿಹಾಕಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ತಂದೆ ತಾಯಿಯ ಜಾಗ ತುಂಬಲು 2.1 ಬೇಕು. ಜನ ಜಾಸ್ತಿ ವರ್ಷ ಬದುಕುತ್ತಿರುವುದರಿಂದಲೇ ಸಮಾಜಕ್ಕೆ ವಯಸ್ಸಾಗುತ್ತಿದೆ ಅಂತ ಎಲ್ಲರೂ ತಿಳಿದಿದ್ದಾರೆ. ಅದೂ ಒಂದು ಕಾರಣ ನಿಜ. ಆದರೆ ಇಲ್ಲಿಯವರೆಗೆ ದೊಡ್ಡ ಕಾರಣ ಪಿರಮಿಡ್ಡಿನ ಬುಡ ಕಿರಿದಾಗಿದ್ದು. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಜಾಸ್ತಿ ಬೆಳೆಯಿತು. ಮಂಡ್ಯ ಜಿಲ್ಲೆ ಬೆಳೆದದ್ದು ಎರಡೂವರೆಗಿಂತಲೂ ಕಮ್ಮಿ. ಹೆರಿಗೆ ಕಡಿಮೆಯಾದದ್ದರ ಜೊತೆಗೆ ಹುಡುಗರು ಬೆಂಗಳೂರಿಗೆ ಹೋದದ್ದೂ ಇದರಲ್ಲಿದೆ.

ಊರು ಬಿಟ್ಟು ಹೋದವರ ವಿಚಾರದಲ್ಲಿ ಇನ್ನೊಂದು ಗೊಂದಲವಿದೆ. ಜನಗಣತಿ ಜನರನ್ನು ಅವರು ವಾಸಿಸುವ ಜಾಗದಲ್ಲಿ ಎಣಿಸುತ್ತದೆ. ಪೀಣ್ಯದಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಮನೆ ಮಾಡಿರುವ ಮಗ ಬೆಂಗಳೂರಿನ ಪಿರಮಿಡ್ಡಿನಲ್ಲಿದ್ದಾನೆ, ಅವನ ತಾಯಿ ನಾಗಮಂಗಲದ ಪಿರಮಿಡ್ಡಿನಲ್ಲಿದ್ದಾರೆ. ಆಗ ಹಳ್ಳಿಯ ಚಿತ್ರ 20ರಿಂದ 35ರ ಜಾಗದಲ್ಲಿ ಸೊಂಟ ಬಿಗಿದಂತೆ ಕಾಣುತ್ತದೆ. ಇದನ್ನು ನೋಡಿ ಪಿಂಚಣಿಗೆ ಹಣವಿಲ್ಲ ಅಂತ ಹೇಳಬಾರದು.

ಯಾಕೆಂದರೆ ಪಿಂಚಣಿ ಬರುವುದು ಹಳ್ಳಿಯಿಂದಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ಕೊಡುವ ತಿಂಗಳಿಗೆ ₹1,200ಕ್ಕೆ ಹಿಂದೆ ಕೂಡಿಟ್ಟ ನಿಧಿ ಇಲ್ಲ. ಈ ವರ್ಷದ ತೆರಿಗೆಯಲ್ಲಿ ಈ ವರ್ಷವೇ ಕೊಡುವುದು. ಪೀಣ್ಯದ ಮಗ ಸಾಮಾನು ಕೊಂಡಾಗ ಕಟ್ಟುವ ತೆರಿಗೆಯೂ ಅದರಲ್ಲಿ ಸೇರಿದೆ. ಹಾಗಾಗಿ ಪಿಂಚಣಿಗೆ ನೋಡಬೇಕಾದದ್ದು ಇಡೀ ರಾಜ್ಯದ ಪಿರಮಿಡ್, ನಿಮ್ಮ ತಾಲ್ಲೂಕಿನದ್ದಲ್ಲ. 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದ ಸರ್ಕಾರಿ ನೌಕರರನ್ನು ತಂದದ್ದು ಅವರವರ ಖಾತೆಗೆ ಹಣ ಕಟ್ಟುವ ಎನ್‌ಪಿಎಸ್ ವ್ಯವಸ್ಥೆಗೆ. ಅಲ್ಲಿ ಅನುಪಾತದ ಪೆಟ್ಟು ನೇರವಾಗಿ ಬೀಳುವುದಿಲ್ಲ, ಮಾರುಕಟ್ಟೆಯ ಪೆಟ್ಟು ಬೀಳಬಹುದು. ಅದು ಬೇರೆ ಚರ್ಚೆ.

ತೆರಿಗೆಯಿಂದ ಕೊಡುವ ಪಿಂಚಣಿಯಲ್ಲಿ ವೃದ್ಧರು ಎರಡರಷ್ಟಾದರೆ ದಾರಿ ಎರಡೇ: ಎರಡರಷ್ಟು ಹಣ ಹಾಕುವುದು, ಇಲ್ಲವೇ ತಲೆಗೆ ಕೊಡುವುದನ್ನು ಹಿಡಿದಿಡುವುದು. ಎರಡನೆಯದು ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79ರ ವಯಸ್ಸಿನವರಿಗೆ ಕೇಂದ್ರ ಸರ್ಕಾರದ ಪಾಲು ತಿಂಗಳಿಗೆ ₹200. ಒಂದೂವರೆ ದಶಕಕ್ಕೂ ಜಾಸ್ತಿ ಕಾಲದಿಂದ ಅದು ಅಷ್ಟೇ ಇತ್ತು. ಮೊತ್ತ ಇಳಿಸಿದರು ಅಂತ ಯಾರೂ ಹೇಳಲಾರರು. ಅಕ್ಕಿಯ ಬೆಲೆ ಮಾತ್ರ ಏರಿತು.

ಆಸ್ಪತ್ರೆಯ ವಿಷಯ ಇದಕ್ಕೆ ಉಲ್ಟಾ. ಮಗ ಬೆಂಗಳೂರಿನಿಂದ ಫೋನ್‌ಪೇ ಮಾಡಬಹುದು, ಬಚ್ಚಲಲ್ಲಿ ಬಿದ್ದ ತಾಯಿಯನ್ನು ಎತ್ತಲು ಬೆಂಗಳೂರಿನಿಂದ ಆಗುವುದಿಲ್ಲ. ಇಲ್ಲಿ ತಾಲ್ಲೂಕಿನ, ಹೋಬಳಿಯ ಪಿರಮಿಡ್ಡೇ ಬೇಕು.

ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, ಸುಮಾರು 1,000 ಜನಕ್ಕೆ ಒಬ್ಬ ಆಶಾ. ಈ ಮಾನದಂಡ ತಲೆ ಎಣಿಸುತ್ತದೆ, ವಯಸ್ಸು ಕೇಳುವುದಿಲ್ಲ. ನಮ್ಮ ಕಲ್ಪನೆಯ ಊರಿನಂಥವೇ ಸೇರಿ 30,000 ಜನ ಆದರು ಅನ್ನಿ. ಇವತ್ತು ಅಲ್ಲಿ 3,300 ವೃದ್ಧರು. ಅರ್ಧ ಜನಕ್ಕೆ ಬಿ.ಪಿ. ಇಲ್ಲವೇ ಶುಗರ್ ಇದೆ, ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 25 ದಿನ ಕೆಲಸವಾದರೆ ದಿನಕ್ಕೆ 66 ಮಂದಿ. ಹದಿನೈದು ವರ್ಷದ ನಂತರ ಅದೇ 30,000 ಜನರಲ್ಲಿ ವೃದ್ಧರು 4,950, ದಿನಕ್ಕೆ 99 ಮಂದಿ. ಜ್ವರ, ಗಾಯ, ಬಸುರಿಯರು ಎಲ್ಲ ಇದರ ಹೊರಗೆ. ಜನಸಂಖ್ಯೆ ಹೆಚ್ಚಿಲ್ಲವಾದ್ದರಿಂದ ಮಾನದಂಡದ ಪ್ರಕಾರ ಒಂದು ಹುದ್ದೆಯೂ ಹೆಚ್ಚುವುದಿಲ್ಲ. ಇದು ಅಂದಾಜಿನ ಲೆಕ್ಕ, ನಿಮ್ಮ ಕೇಂದ್ರದ ಹೊರರೋಗಿ ರಿಜಿಸ್ಟರ್ ಹಿಡಿದು ತಿದ್ದಿಕೊಳ್ಳಿ.

ಒಂದು ಉಪಕೇಂದ್ರದ ಜಗಲಿಯಲ್ಲಿ ಅಜ್ಜಿಯೊಬ್ಬರು ಸಿಕ್ಕಿದ್ದರು. ಬಿ.ಪಿ. ಮಾತ್ರೆ ಎರಡು ತಿಂಗಳಿಂದ ಬಿಟ್ಟಿದ್ದರು. ಯಾಕಜ್ಜಿ ಅಂದರೆ, "ಅಲ್ಲೀಗಂಟ ಕರ್ಕಂಡ್ ಹೋಗೋರು ಯಾರವ್ರೆ ಮಗಾ? ಬಸ್ಸು ಬಿಟ್ಟಿ ಸರಿ, ಹತ್ತಕ್ಕೆ ಮಂಡಿ ಬರಬೇಕಲ್ಲ" ಅಂದರು. ಮಾತ್ರೆಯೂ ಇತ್ತು, ಬಸ್ಸೂ ಇತ್ತು. ಜೊತೆಗೆ ಹೋಗುವ ಒಬ್ಬರು ಇರಲಿಲ್ಲ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಅಂದರು, ಒಳ್ಳೆಯದು. ಆದರೆ ಅದು ಆಸ್ಪತ್ರೆಗೆ ಸೇರಿದ ಮೇಲಿನ ಖರ್ಚಿಗೆ. ಈ ಅಜ್ಜಿಗೆ ಬೇಕಾದದ್ದು ಪಾರ್ಶ್ವವಾಯು ಹೊಡೆಯುವ ಮೊದಲು ಮನೆ ಬಾಗಿಲಿಗೆ ಬರುವ ಮಾತ್ರೆ.

ಅನುಪಾತದ ಮಿತಿಯನ್ನೂ ಹೇಳಿಬಿಡಬೇಕು. ಅದು ವಯಸ್ಸನ್ನು ಎಣಿಸುತ್ತದೆ, ದುಡಿಮೆಯನ್ನಲ್ಲ. ಎಪ್ಪತ್ತರಲ್ಲೂ ಗದ್ದೆಯಲ್ಲಿ ನಾಟಿ ಮಾಡುವವರು ಅದರಲ್ಲಿ ಅವಲಂಬಿತರು, ಕೆಲಸವಿಲ್ಲದ ಇಪ್ಪತ್ತೈದರ ಹುಡುಗ ದುಡಿಯುವವ. ಕೆಲವು ವರದಿಗಳಲ್ಲಿ ಗೆರೆ 60ಕ್ಕೆ, ಕೆಲವದರಲ್ಲಿ 65ಕ್ಕೆ. ಎರಡನ್ನು ಹೋಲಿಸುವ ಮುಂಚೆ ಗೆರೆ ಎಲ್ಲಿದೆ ನೋಡಿ. ಜೊತೆಗೆ ವಯಸ್ಸೇ ಅಂದಾಜು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಇರುತ್ತದೆ. ಜನಗಣತಿಯಲ್ಲೂ 60, 65ರ ಹತ್ತಿರ ಜನ ಗುಡ್ಡೆ ಬೀಳುತ್ತಾರೆ. 58 ಇರುವವರು 60 ಅಂದರೆ ಅರವತ್ತರ ಮೇಲಿನ ಪಟ್ಟಿ ಉಬ್ಬುತ್ತದೆ, ಅದರ ಕೆಳಗಿನದು ಬಡವಾಗುತ್ತದೆ. ಐದೈದು ವರ್ಷದ ಗುಂಪು ಮಾಡಿದರೂ ಇದು ಹೋಗುವುದಿಲ್ಲ. ಅದಕ್ಕೇ ನಾನು 55ರಿಂದ 64ರವರೆಗೆ ಒಟ್ಟಿಗೆ ಕೂಡಿಯೂ ಒಮ್ಮೆ ನೋಡುತ್ತೇನೆ.

ಆ ಸದಸ್ಯರಿಗೆ ಕೊನೆಗೆ ಹೇಳಿದ್ದು ಇಷ್ಟು: ಒಟ್ಟು ಅನುಪಾತವನ್ನು ಬದಿಗಿಡಿ, ನಿಮ್ಮ ಪಂಚಾಯಿತಿಯ 45ರಿಂದ 59ರ ಸಾಲನ್ನು ನೋಡಿ. ಮುಂದಿನ ಹದಿನೈದು ವರ್ಷದಲ್ಲಿ ಹೊಸದಾಗಿ ಅರವತ್ತು ದಾಟುವವರೆಲ್ಲ ಅಲ್ಲೇ ಇದ್ದಾರೆ. ಅವರೆಲ್ಲ ಹುಟ್ಟಿ ಆಗಿದೆ, ಈ ವಯಸ್ಸಿನಲ್ಲಿ ಊರು ಬಿಡುವವರು ಕಮ್ಮಿ, ಆದ್ದರಿಂದ ಆ ಅಂಕಿ ಹೆಚ್ಚು ತಪ್ಪುವುದಿಲ್ಲ. ಅವರು ತಮ್ಮ ಡೈರಿ ತೆಗೆದು, ಹೆಂಗಸರು ಎಷ್ಟು ಗಂಡಸರು ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಲಾ ಅಂದರು. ಖಂಡಿತ ಬರೆದುಕೊಳ್ಳಿ ಅಂದೆ. 75 ದಾಟಿ, ಗಂಡ ತೀರಿಕೊಂಡು, ಒಂಟಿಯಾಗಿ ಉಳಿಯುವವರಲ್ಲಿ ಹೆಂಗಸರೇ ಜಾಸ್ತಿ. ಆಶಾ ಮೊದಲು ಹೋಗಬೇಕಾದ ಮನೆಗಳು ಅವೇ.