‘ತಿಥಿ’ ಯಾವ ವರ್ಷದ ಸಿನಿಮಾ?

ಸಿನಿಮಾ ಲೇಖನಗಳು ಅಚ್ಚಿಗೆ ಹೋಗುವ ಮೊದಲು ಹೆಸರು, ಇಸವಿ ಸರಿಯಿದೆಯಾ ಎಂದು ನೋಡುವುದು ನನ್ನ ಕೆಲಸ. ಮೊನ್ನೆ ಬಂದ ಒಂದು ಲೇಖನದಲ್ಲಿ ‘ತಿಥಿ’ ಮೊದಲು 2015ರ ಚಿತ್ರವಾಗಿತ್ತು, ಎರಡು ಪ್ಯಾರಾ ದಾಟುವಷ್ಟರಲ್ಲಿ 2016ರದ್ದಾಗಿತ್ತು. ಬರೆದವರಿಗೆ ಫೋನ್ ಮಾಡಿದೆ. “ಎರಡನ್ನೂ ನೋಡಿಯೇ ಬರೆದಿದ್ದು ಸರ್” ಎಂದರು. ಅವರು ಸುಳ್ಳು ಹೇಳಿರಲಿಲ್ಲ.

ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ ಮೊದಲು ತೆರೆ ಕಂಡಿದ್ದು 2015ರ ಆಗಸ್ಟ್‌ನಲ್ಲಿ, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ. ಕನ್ನಡದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ ಬಂದಿದ್ದು 2015ನೇ ಸಾಲಿಗೆ, ಅದನ್ನು ಘೋಷಿಸಿದ್ದು 2016ರ ಮಾರ್ಚ್‌ನಲ್ಲಿ. ನಮ್ಮ ಚಿತ್ರಮಂದಿರಗಳಿಗೆ ಬಂದಿದ್ದು 2016ರ ಮೇನಲ್ಲಿ. ಅಂದರೆ ಜನ ಟಿಕೆಟ್ ತೆಗೆದುಕೊಳ್ಳುವ ಮೊದಲೇ ಪ್ರಶಸ್ತಿ ಬಂದಿತ್ತು. ಇದು ವಿಚಿತ್ರ ಅನಿಸುತ್ತದೆ ಅಲ್ವಾ? ರಾಷ್ಟ್ರ ಪ್ರಶಸ್ತಿಯ ಲೆಕ್ಕಕ್ಕೆ ಬಿಡುಗಡೆಯ ದಿನ ಬರುವುದೇ ಇಲ್ಲ. ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿದೆಯೇ ಎಂದಷ್ಟೇ ನೋಡುತ್ತಾರೆ. ಹಾಗಾಗಿ ಪ್ರಶಸ್ತಿಯ ವರ್ಷವನ್ನೇ ಬಿಡುಗಡೆಯ ವರ್ಷ ಎಂದು ಬರೆದುಕೊಂಡರೆ ಎಷ್ಟೋ ಚಿತ್ರಗಳು ಒಂದು ವರ್ಷ ಹಿಂದಕ್ಕೆ ಜಾರುತ್ತವೆ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿ ಕೊಡುವ ಇಸವಿಯೂ ಮೊದಲ ಸಾರ್ವಜನಿಕ ಪ್ರದರ್ಶನದ್ದು, ಅದು ಚಿತ್ರೋತ್ಸವದಲ್ಲೇ ಆಗಿರಬಹುದು.

ಥಿಯೇಟರಿಗೆ ಬಂದ ದಿನವೇ ಬೇಕಿದ್ದರೆ ನಾನು ಹಳೆಯ ದಿನಪತ್ರಿಕೆಗಳ ಸಿನಿಮಾ ಜಾಹೀರಾತು ತೆಗೆಯುತ್ತೇನೆ. ‘ಶುಕ್ರವಾರದಿಂದ’ ಎಂಬ ಜಾಹೀರಾತು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸುವುದಿಲ್ಲ. ಗುರುವಾರ ರಾತ್ರಿ ಮುಂದೂಡಿದ ಸಿನಿಮಾಗಳು ಕಡಿಮೆಯೇನಲ್ಲ. ಶನಿವಾರದ ಪತ್ರಿಕೆಯಲ್ಲಿ ಥಿಯೇಟರ್ ಹೆಸರು, ಆಟದ ಸಮಯ ಇದೆಯಾ, ಆ ವಾರ ವಿಮರ್ಶೆ ಬಂದಿದೆಯಾ ಎಂದು ನೋಡಬೇಕು. ಎರಡೂ ಇದ್ದರೆ ದಿನಾಂಕ ಗಟ್ಟಿ. ಚಿತ್ರದ ಶುರುವಿನಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದ ದಿನಾಂಕ ಇಲ್ಲಿ ಅರ್ಧ ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಥಿಯೇಟರ್ ಬಿಡುಗಡೆ ಅದಕ್ಕಿಂತ ಹಿಂದೆ ಆಗಿರಲಾರದು. ಎಷ್ಟು ದಿನ ಆಮೇಲೆ ಆಯಿತು ಎಂಬುದನ್ನು ಅದು ಹೇಳುವುದಿಲ್ಲ.

ಅದೇ ಲೇಖನದಲ್ಲಿ ‘ನಟ ಗಡ್ಡಪ್ಪ’ ಎಂದಿತ್ತು. ಗಡ್ಡಪ್ಪ ಪಾತ್ರದ ಹೆಸರು. ಪಾತ್ರ ಮಾಡಿದವರು ಚನ್ನೇಗೌಡ. ಸೆಂಚುರಿ ಗೌಡ ಪಾತ್ರದಲ್ಲಿದ್ದವರು ಸಿಂಗ್ರಿಗೌಡ. ಹಳ್ಳಿಯ ಜನರೇ ನಟಿಸಿದ ಚಿತ್ರವಾದ್ದರಿಂದ ಪಾತ್ರದ ಹೆಸರೇ ಜನರ ಬಾಯಲ್ಲಿ ಉಳಿಯಿತು. ಇಂಥವರ ಚಿತ್ರಗಳ ಪಟ್ಟಿ ಮಾಡುವಾಗ ಎರಡೂ ಹೆಸರಲ್ಲಿ ಹುಡುಕದಿದ್ದರೆ ಅರ್ಧ ಚಿತ್ರಗಳು ತಪ್ಪಿಹೋಗುತ್ತವೆ. ಇದರ ತಿರುಗುಮುರುಗೂ ಆಗುತ್ತದೆ: ಒಂದೇ ಹೆಸರಿನ ಇಬ್ಬರ ಚಿತ್ರಗಳು ಒಬ್ಬರ ಖಾತೆಗೆ ಬಿದ್ದಿರುತ್ತವೆ. ಒಬ್ಬ ಕಲಾವಿದರು ಹತ್ತು ವರ್ಷದ ಮಗುವಾಗಿದ್ದಾಗಲೇ ಛಾಯಾಗ್ರಹಣ ಮಾಡಿದ್ದಾರೆ ಎಂದು ಕಂಡರೆ ಅನುಮಾನ ಪಡಿ.

ಹೆಸರಿಗೆ ನಾನು ಮೊದಲು ನಂಬುವುದು ಚಿತ್ರದ ಟೈಟಲ್ ಕಾರ್ಡನ್ನು. ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, ಒಂದೊಂದೇ ಕಾರ್ಡ್ ಓದಿ, ಅಲ್ಲಿರುವ ಕಾಗುಣಿತದಲ್ಲೇ ಬರೆದುಕೊಳ್ಳುತ್ತೇನೆ. ಮುಹೂರ್ತದ ಸುದ್ದಿ, ಮೊದಲ ಪೋಸ್ಟರ್ ನಂಬಿ ನಾನೇ ಒಮ್ಮೆ ಏಟು ತಿಂದಿದ್ದೇನೆ. ಪೋಸ್ಟರಿನಲ್ಲಿದ್ದ ಸಂಗೀತ ನಿರ್ದೇಶಕರು ಚಿತ್ರ ಮುಗಿಯುವ ಹೊತ್ತಿಗೆ ಬೇರೆಯವರಾಗಿದ್ದರು. ಇನ್ನು ಟಿವಿಯಲ್ಲಿ ಬರುವ ಪ್ರತಿಯಲ್ಲಿ ಕೊನೆಯ ಹೆಸರುಗಳನ್ನು ಕತ್ತರಿಸಿರುತ್ತಾರೆ. ಅದನ್ನು ನೋಡಿ ‘ಹೆಸರೇ ಹಾಕಿಲ್ಲ’ ಎಂದು ಬರೆಯುವುದು ಅನ್ಯಾಯ.

ಟೈಟಲ್ ಕಾರ್ಡೂ ಕೆಲವೊಮ್ಮೆ ಬೇಕೆಂದೇ ಸುಳ್ಳು ಹೇಳುತ್ತದೆ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ತೆರೆಗೆ ಬಂದಾಗ ಚಿತ್ರಕಥೆಗೆ ಕಾದಂಬರಿಕಾರ ಪಿಯರ್ ಬೂಲ್ ಹೆಸರಿತ್ತು, ಆಸ್ಕರ್ ಕೂಡ ಅವರಿಗೇ ಹೋಯಿತು. ಬರೆದಿದ್ದವರು ಕಾರ್ಲ್ ಫೋರ್‌ಮನ್ ಮತ್ತು ಮೈಕಲ್ ವಿಲ್ಸನ್. ಇಬ್ಬರೂ ಹಾಲಿವುಡ್‌ನ ಕಪ್ಪುಪಟ್ಟಿಯಲ್ಲಿದ್ದ ಕಾರಣ ಹೆಸರು ಹಾಕುವಂತಿರಲಿಲ್ಲ. ಅಕಾಡೆಮಿ ಅವರಿಗೆ ಆ ಗೌರವ ಕೊಟ್ಟಿದ್ದು 1984ರಲ್ಲಿ, ಇಬ್ಬರೂ ತೀರಿಕೊಂಡ ಮೇಲೆ. ಇಂಥ ಕಡೆ ನಾನು ಎರಡನ್ನೂ ಬರೆಯುತ್ತೇನೆ: ಆಗ ತೆರೆಯ ಮೇಲೆ ಇದ್ದ ಹೆಸರು ಇದು, ನಂತರ ಅಧಿಕೃತವಾಗಿ ತಿದ್ದಿದ್ದು ಹೀಗೆ. ಆದರೆ ತಿದ್ದಿದವರು ಯಾರು ಎಂಬುದು ಸಿಗಬೇಕು. ‘ನಿಜವಾಗಿ ಬರೆದಿದ್ದು ಅವರಂತೆ’ ಎಂಬ ಮಾತನ್ನು ಹತ್ತು ಜಾಲತಾಣಗಳು ಹೇಳಿದರೂ, ಅವು ಒಂದನ್ನೊಂದು ನೋಡಿ ಸುಮ್ನೆ ಬರೆದುಕೊಂಡಿದ್ದರೆ ನನಗೆ ಅದು ಒಂದೇ ಸಾಕ್ಷಿ. ಹತ್ತರಲ್ಲೂ ಒಂದೇ ಕಾಗುಣಿತದ ತಪ್ಪು ಕಂಡರೆ ನಕಲು ಎಂದು ಗೊತ್ತಾಗಿಬಿಡುತ್ತದೆ.

‘ತಿಥಿ’ಯ ವಿಷಯ ಕೊನೆಗೆ ಹೀಗೆ ಅಚ್ಚಾಯಿತು: “2015ರಲ್ಲಿ ಲೊಕಾರ್ನೊದಲ್ಲಿ ಮೊದಲ ಪ್ರದರ್ಶನ ಕಂಡು, 2016ರ ಮೇನಲ್ಲಿ ಬಿಡುಗಡೆಯಾದ ಚಿತ್ರ.” ಲೇಖಕರಿಗೆ ಸಾಲು ಉದ್ದವಾಯಿತು ಎಂಬ ಬೇಸರ. ಗಡ್ಡಪ್ಪನ ಮುಂದೆ ಚನ್ನೇಗೌಡ ಎಂದು ಸೇರಿಸಿದ್ದಕ್ಕೆ ಮಾತ್ರ ಏನೂ ಅನ್ನಲಿಲ್ಲ.