ಬೋರ್ ನೀರಿನಲ್ಲಿ ಒಗೆದ ಟವೆಲ್ ಹಪ್ಪಳದಂತಾಗುವುದು ಯಾಕೆ?

ಪ್ರಶ್ನೆ: ನಮ್ಮದು ಸೇಡಂ ರೀ. ಮನೆಗೆ ಬೋರ್ ನೀರೇ ಗತಿ. 7 ಕೆಜಿಯ ಫ್ರಂಟ್ ಲೋಡ್ ಮಷಿನ್ ಇದೆ. 8 ದೊಡ್ಡ ಟವೆಲ್, 2 ಚಾದರ ಒಟ್ಟಿಗೆ ಹಾಕಿ ಕ್ವಿಕ್ ವಾಶ್ ಕೊಡ್ತೀವಿ. ಕಂಡೀಷನರೂ ಹಾಕ್ತೀವಿ. ಆದರೂ ಕೆಲವೇ ತಿಂಗಳಲ್ಲಿ ಟವೆಲ್ ಹಪ್ಪಳ ಆಗ್ತದ, ಮೈ ಮೇಲಿನ ನೀರು ಹೀರೋದೇ ಇಲ್ಲ. ಏನು ಮಾಡ್ಬೇಕ್ರೀ?

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ಟವೆಲ್ ಮೇಲೆ ಒಂದು ಹನಿ ನೀರು ಬಿಡಿ. ಅದು ಗುಂಡಗೆ ಹಾಗೇ ಕೂತರೆ ದಾರದ ಮೇಲೆ ಏನೋ ಮೆತ್ತಿಕೊಂಡಿದೆ ಎಂದರ್ಥ. ಇನ್ನೊಂದು ಟವೆಲ್ಲನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಿ, ಪೌಡರ್ ಇಲ್ಲದೆ ಸುಮ್ನೆ ಕುಲುಕಿ. ನೊರೆ ಬಂತಾ? ಹಾಗಾದರೆ ಹಳೇ ಪೌಡರ್ ಇನ್ನೂ ಒಳಗೇ ಇದೆ.

ನಿಮ್ಮ ಕಡೆ ನೆಲವೇ ಸುಣ್ಣದ ಕಲ್ಲು. ಶಹಾಬಾದ ಫರಸಿ ಬರುವುದೂ ಅದರಿಂದಲೇ, ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಅದಕ್ಕೇ. ಆ ಕಲ್ಲಿನ ಸಂದಿಯಲ್ಲಿ ಹಾದು ಬರುವ ಬೋರ್ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಅದರ ಪದರ, ತೊಳೆದು ಹೋಗದ ಪೌಡರ್, ಮೈಯೆಣ್ಣೆ ಮೂರೂ ದಾರಕ್ಕೆ ಅಂಟಿಕೊಳ್ಳುತ್ತವೆ. ಅದರ ಮೇಲೆ ಕಂಡೀಷನರ್. ಅದು ಮೆತ್ತಗೆ ಅನ್ನಿಸುವುದೇ ದಾರಕ್ಕೆ ಜಿಡ್ಡಿನಂಥ ಲೇಪ ಕೊಟ್ಟು. ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ, ಅಲ್ವಾ? ಟವೆಲ್ಲಿಗೆ ಅದನ್ನು ಪೂರ್ತಿ ನಿಲ್ಲಿಸಿ.

ಈಗಿರುವ ಟವೆಲ್‌ಗಳನ್ನು ಎಸೆಯಬೇಡಿ. 4 ಟವೆಲ್ ಮಾತ್ರ ಹಾಕಿ, ಪೌಡರ್ ಬದಲು 2 ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಕಾಟನ್ 60 ಡಿಗ್ರಿಯಲ್ಲಿ ಓಡಿಸಿ. ಗಾಢ ಬಣ್ಣದವಾದರೆ ಲೇಬಲ್ ನೋಡಿಕೊಂಡು 40. ಸೋಡಾ ಜಿಡ್ಡನ್ನು ಎಬ್ಬಿಸುತ್ತದೆ, ಸುಣ್ಣವನ್ನು ಅಲ್ಲ. ಸುಣ್ಣಕ್ಕೆ ಹುಳಿಯೇ ಬೇಕು. ಆದ್ದರಿಂದ ಮುಗಿದ ಮೇಲೆ ಇನ್ನೊಂದು ರಿನ್ಸ್ ಕೊಟ್ಟು, ಅದರಲ್ಲಿ ಕಂಡೀಷನರ್ ಖಾನೆಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ. ಸೋಡಾ, ವಿನೆಗರ್ ಒಟ್ಟಿಗೆ ಹಾಕಿದರೆ ಒಂದನ್ನೊಂದು ತಿಂದುಹಾಕಿ ಎರಡೂ ದಂಡ. ಬ್ಲೀಚ್ ಜೊತೆಗಂತೂ ವಿನೆಗರ್ ಸೇರಲೇಬಾರದು, ವಿಷದ ಗಾಳಿ ಏಳುತ್ತದೆ. ವಿನೆಗರ್ ತಿಂಗಳಿಗೊಮ್ಮೆ ಸಾಕು, ಜಾಸ್ತಿಯಾದರೆ ಮಷಿನ್ನಿನ ರಬ್ಬರ್ ಹಾಳಾಗುತ್ತದೆ.

ಇನ್ನು ಲೋಡ್. ನೀವು ತೂಕದ ಲೆಕ್ಕ ಹಾಕಿದ್ದೀರಿ. ದೊಡ್ಡ ಟವೆಲ್ ಸುಮಾರು ಅರ್ಧ ಕೆಜಿ. 8 ಟವೆಲ್ಲಿಗೆ 4 ಕೆಜಿ, ಚಾದರ ಸೇರಿದರೂ 7ರ ಒಳಗೇ. ಆದರೆ ಟವೆಲ್ ನೀರು ಕುಡಿದು ಉಬ್ಬುತ್ತದೆ. ಚಾದರ ಅದನ್ನು ಗಂಟು ಕಟ್ಟಿದ ಹಾಗೆ ಸುತ್ತಿಕೊಳ್ಳುತ್ತದೆ. ಆ ಗಂಟಿನೊಳಗಿನ ಪೌಡರ್ ಹೊರಗೆ ಬರುವುದೇ ಇಲ್ಲ. ನಿಮ್ಮ ಮಷಿನ್ನಿಗೆ 5 ಟವೆಲ್ ಸಾಕು. ಚಾದರ ಬೇರೆ ದಿನ ಇರಲಿ. ಹಾಗಂತ ಒಂದೇ ಟವೆಲ್ ಹಾಕಬೇಡಿ. ಅದು ಒಂದು ಕಡೆ ಗುಡ್ಡೆಯಾಗಿ, ಸ್ಪಿನ್ ಹೊತ್ತಿಗೆ ಮಷಿನ್ ಕುಣಿಯುತ್ತದೆ. ಕ್ವಿಕ್ ವಾಶ್ ಬಿಟ್ಟು ಕಾಟನ್ 40 ಇಟ್ಟು, ಎಕ್ಸ್‌ಟ್ರಾ ರಿನ್ಸ್ ಒತ್ತಿ. ಮೂರ್ನಾಲ್ಕು ಸಲಕ್ಕೊಮ್ಮೆ 60 ಕೊಟ್ಟರೆ ಮೈಯೆಣ್ಣೆ, ವಾಸನೆ ಎರಡೂ ಹೋಗುತ್ತವೆ. ಪ್ರತಿ ಸಲ 60 ಬೇಡ. ಸುಣ್ಣದ ನೀರು ಕಾದಷ್ಟೂ ಹೀಟರ್ ಮೇಲೆ ಪದರ ಕಟ್ಟುತ್ತದೆ. (ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಟ್ಯಾಂಕಿನ ನೀರಿಗೆ ಹೀಟರ್ ಹಾಕುವುದೇ ಅನ್ಯಾಯ, ಅದು ಬೇರೆ ಮಾತು.)

ಒಣಗಿಸುವುದರಲ್ಲಿ ಕಲಬುರಗಿಯ ಬಿಸಿಲೇ ತೊಂದರೆ. ಹತ್ತಿಯ ದಾರಗಳು ಅಲುಗಾಡದೆ ಒಣಗಿದರೆ, ಉಳಿದ ಚೂರು ತೇವವೇ ಅಂಟಿನ ಹಾಗೆ ಅವನ್ನು ಒಂದಕ್ಕೊಂದು ಹಿಡಿದುಬಿಡುತ್ತದೆ. ಆದ್ದರಿಂದ ಮಷಿನ್ನಿಂದ ತೆಗೆದ ಕೂಡಲೇ ಎರಡು ಮೂಲೆ ಹಿಡಿದು ಐದಾರು ಸಲ ಜೋರಾಗಿ ಝಾಡಿಸಿ. ಮಲಗಿದ ಕುಣಿಕೆಗಳು ಎದ್ದು ನಿಲ್ಲುವುದು ಬೆರಳಿಗೇ ಗೊತ್ತಾಗುತ್ತದೆ. ಹಗ್ಗದ ಮೇಲೆ ಎರಡು ಪದರ ಮಾಡದೆ ಅಂಚಿಗೆ ಕ್ಲಿಪ್ ಹಾಕಿ, ನೆರಳು ಇದ್ದು ಗಾಳಿ ಆಡುವ ಕಡೆ ಹಾಕಿ. ಬಿಸಿಲಿಗೇ ಹಾಕುವುದಾದರೆ ಒಣಗಿದ ಕೂಡಲೇ ತೆಗೆಯಿರಿ. ಬೆಳಿಗ್ಗೆ ಹಾಕಿ ಸಂಜೆ ತೆಗೆಯುವ ರೂಢಿ ಬೇಸಿಗೆಯಲ್ಲಿ ಬೇಡವೇ ಬೇಡ. ತೆಗೆಯುವಾಗ ಮತ್ತೆ ಝಾಡಿಸಿ, ಎರಡು ಕೈಯಲ್ಲಿ ಸ್ವಲ್ಪ ಉಜ್ಜಿ. ಬೀದರ್ ಕಡೆಯ ಮಳೆಗಾಲದಲ್ಲಿ ಕತೆ ಉಲ್ಟಾ: ಅಲ್ಲಿ ತಡವಾಗಿ ಒಣಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಫ್ಯಾನ್ ಕೆಳಗೆ ಬಿಡಿಬಿಡಿಯಾಗಿ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೂ ಹನಿ ಗುಂಡಗೆ ಕೂತರೆ ಸೋಡಾ, ವಿನೆಗರ್ ಇನ್ನೊಂದು ಸುತ್ತು ಮಾಡಿ. ಕುಣಿಕೆಗಳೇ ಸವೆದು ಬಟ್ಟೆ ಬೋಳಾಗಿದ್ದರೆ ಯಾವ ಸುತ್ತಿನಿಂದಲೂ ಅದು ಮತ್ತೆ ಉಬ್ಬುವುದಿಲ್ಲ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.