ಅಕ್ಕಿ ಡಬ್ಬದಲ್ಲಿ ಸಿಕ್ಕ ಸರ

ನೆನಪು, ಯೋಚನೆಗಳನ್ನು ಕುಂದಿಸುತ್ತಾ ಹೋಗುವ ಡಿಮೆನ್ಶಿಯಾ ಇರುವವರ ಮನೆಗಳಿಗೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಷ್ಟು ಕೆಡುಕು ಮಾಡಿದ ಮಾತು ಇನ್ನೊಂದಿರಲಾರದು. ಮಿದುಳಿನ ರೋಗವನ್ನು ವಯೋಸಹಜವೆಂದು ತಳ್ಳಿಹಾಕಿದ ಮೇಲೆ ಅದರ ಬಗ್ಗೆ ಓದಿ ತಿಳಿಯುವ ಪ್ರಶ್ನೆಯೇ ಏಳುವುದಿಲ್ಲ. ಗಾದೆಯೂ ಸಾಲದಾದಾಗ ದೃಷ್ಟಿ ತೆಗೆಸಿ ತಾಯಿತ ಕಟ್ಟಿಸುತ್ತೇವೆ. ನಮ್ಮ ಮನೆಯಲ್ಲೂ ಎರಡು ವರ್ಷ ಹೀಗೆಯೇ ಕಳೆದವು.

ಒಂದು ಬೆಳಿಗ್ಗೆ ಅಮ್ಮನ ಅವಲಕ್ಕಿ ಸರ ಕಾಣೆಯಾಯಿತು. ಅತ್ತಿಗೆಯೇ ಕದ್ದಳೆಂದು ಅಮ್ಮ ಕೂಗಾಡಿದರು. ಸಂಜೆ ಸರವು ಅಕ್ಕಿ ಡಬ್ಬದಲ್ಲಿ ಸಿಕ್ಕಾಗ ನಾನು ಗೆದ್ದವನಂತೆ ಅದನ್ನು ಎತ್ತಿ ಹಿಡಿದು, “ನೋಡಮ್ಮ, ನೀನೇ ಇಟ್ಟು ಮರೆತಿದ್ದೀಯ” ಎಂದೆ. ಅಮ್ಮ ಒಂದು ಕ್ಷಣ ನೋಡಿ, “ಹಾಗಾದರೆ ಅವಳೇ ಇಲ್ಲಿ ಬಚ್ಚಿಟ್ಟಿದ್ದಾಳೆ” ಎಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ, ಅತ್ತಿಗೆಯೂ ಮಾಡಲಿಲ್ಲ.

ನಾನು ತಪ್ಪಿದ್ದೆಲ್ಲಿ ಎಂಬುದನ್ನು ತಿಳಿಸಿದ ಪುಸ್ತಕವೆಂದರೆ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ 1981ರಲ್ಲಿ ಬರೆದ ‘ದಿ ಥರ್ಟಿಸಿಕ್ಸ್ ಅವರ್ ಡೇ’. ನೋಡಿಕೊಳ್ಳುವವರ ದಿನಕ್ಕೆ ಮೂವತ್ತಾರು ತಾಸು ಎಂಬುದು ಹೆಸರಿನ ಇಂಗಿತ. ಸ್ನಾನಕ್ಕೆ ಒಲ್ಲೆನೆನ್ನುವುದು, ಮನೆಯಿಂದ ಹೊರಟುಬಿಡುವುದು, ಕಳವಿನ ಆರೋಪ ಮಾಡುವುದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಆರೋಪ ಬಂದಾಗ ವಾದಿಸಬೇಡಿ, ಜೊತೆಗೂಡಿ ಹುಡುಕಿ, ಬಚ್ಚಿಡುವ ಜಾಗಗಳನ್ನು ಗುರುತಿಟ್ಟುಕೊಳ್ಳಿ, ಕಸದ ಬುಟ್ಟಿಯನ್ನು ನೋಡದೆ ಚೆಲ್ಲಬೇಡಿ ಎನ್ನುವಷ್ಟು ಅದು ಮನೆಮಟ್ಟಕ್ಕೆ ಇಳಿದು ಮಾತನಾಡುತ್ತದೆ. ಅಮೆರಿಕದ ವಿಮೆ ಮತ್ತು ವೃದ್ಧಾಶ್ರಮಗಳ ಅಧ್ಯಾಯಗಳನ್ನು ನಾವು ದಾಟಿ ಹೋಗಬಹುದು.

ಆದರೆ ವಾದ ಏಕೆ ಸೋಲುತ್ತದೆ? ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಊರಿನ ಶಾನುಭೋಗನೆಂದುಕೊಳ್ಳಿ. ದಿನದ ಘಟನೆಗಳನ್ನು ಕಡತಕ್ಕೆ ಏರಿಸುವುದು ಅವನ ಕೆಲಸ. ಡಿಮೆನ್ಶಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ರೋಗವು ಸಾಮಾನ್ಯವಾಗಿ ಮೊದಲು ಅವನನ್ನೇ ಹಿಡಿಯುವುದರಿಂದ ಮದುವೆಯ ದಿನದ ಹಳೆಯ ಕಡತ ಪೆಟ್ಟಿಗೆಯಲ್ಲಿ ಉಳಿದಿದ್ದರೂ ಇಂದು ಬೆಳಗಿನ ಪುಟ ಬರೆಯಲ್ಪಡುವುದೇ ಇಲ್ಲ. ಸರ ಇಟ್ಟ ಪುಟವೇ ಇಲ್ಲದಿರುವಾಗ ‘ಮರೆತೆ’ ಎಂಬ ಅರಿವು ಬರುವುದೆಲ್ಲಿಂದ? ಇಟ್ಟ ನೆನಪಿಲ್ಲ, ವಸ್ತುವೂ ಇಲ್ಲ. ಅಂಥಲ್ಲಿ ಕಳ್ಳನೊಬ್ಬನಿರಬೇಕೆನ್ನುವುದು ಅಮ್ಮನ ಮಟ್ಟಿಗೆ ತರ್ಕಬದ್ಧವಾದ ತೀರ್ಮಾನವೇ. ಭಾವನೆಯ ದಾರಿ ಮಾತ್ರ ಬೇರೆ. ಅದು ಕಡತದ ಅಕ್ಷರವಲ್ಲ, ಸೆರಗಿಗೆ ಹತ್ತಿದ ಅರಿಶಿನ; ಯಾವಾಗ ಹತ್ತಿತೆಂದು ಯಾರಿಗೂ ನೆನಪಿರದಿದ್ದರೂ ಕಲೆ ಇದ್ದೇ ಇರುತ್ತದೆ.

ಇದರ ಸುಳಿವು ನೂರು ವರ್ಷಕ್ಕೂ ಹಿಂದಿನದು. ಜಿನೀವಾದ ಕ್ಲಾಪರೇಡ್ ಎಂಬ ವೈದ್ಯ, ಹೊಸ ನೆನಪು ನಿಲ್ಲದ ರೋಗಿಯೊಬ್ಬಳ ಕೈ ಕುಲುಕುವಾಗ ಗುಂಡುಸೂಜಿಯಿಂದ ಚುಚ್ಚಿದ್ದನ್ನು 1911ರಲ್ಲಿ ಬರೆದಿದ್ದಾನೆ. ಬಳಿಕ ಆಕೆಗೆ ಚುಚ್ಚಿದ್ದು ನೆನಪಿರಲಿಲ್ಲ, ಆದರೂ ಕೈ ಕೊಡಲು ಹಿಂಜರಿದಳು. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ಇರುವ 17 ಮಂದಿಗೆ ದುಃಖದ ಮತ್ತು ಸಂತಸದ ಚಿತ್ರದ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷಗಳಲ್ಲಿ ಅವರು ಕಂಡದ್ದನ್ನು ಬಹುಪಾಲು ಮರೆತರು, ಭಾವನೆ ಮಾತ್ರ ಉಳಿಯಿತು. ಕಡಿಮೆ ನೆನಪಿದ್ದವರಲ್ಲಿ ದುಃಖವು ಹೆಚ್ಚು ಹೊತ್ತು ನಿಂತಿತ್ತು. ಸರವನ್ನು ಎತ್ತಿ ಹಿಡಿದ ಆ ಸಂಜೆ ನಾನು ಮಾಡಿದ್ದೂ ಸೂಜಿ ಚುಚ್ಚುವ ಕೆಲಸವನ್ನೇ.

ಈಗ ಸರ ಕಾಣದಿದ್ದಾಗ, “ಛೆ, ನಿಮಗೆ ಅದು ಎಷ್ಟು ಇಷ್ಟದ್ದು, ಬನ್ನಿ ಅತ್ತೆ, ಹುಡುಕೋಣ” ಎಂದು ಅತ್ತಿಗೆಯೇ ಅಮ್ಮನ ಕೈ ಹಿಡಿದು ಹೊರಡುತ್ತಾರೆ. ಹುಡುಕಾಟ ದಿಂಬಿನ ಚೀಲದಿಂದ ಶುರುವಾಗಿ ಅಕ್ಕಿ ಡಬ್ಬಕ್ಕೆ ಬರುತ್ತದೆ. ಸಿಕ್ಕಾಗ ಯಾರು ಇಟ್ಟರೆಂಬ ಮಾತನ್ನು ಯಾರೂ ಎತ್ತುವುದಿಲ್ಲ. ಈ ಉಪಾಯ ಎಲ್ಲ ದಿನವೂ ನಡೆಯುತ್ತದೆಂದಲ್ಲ. ಒಂದೆರಡು ದಿನಗಳಲ್ಲೇ ಗೊಂದಲ ಇದ್ದಕ್ಕಿದ್ದಂತೆ ಏರಿದರೆ, ಹಗಲಲ್ಲೇ ಮಂಪರು ಕವಿದರೆ, ಅದು ಡಿಮೆನ್ಶಿಯಾ ಬೆಳೆದದ್ದಕ್ಕಿಂತ ಮೂತ್ರದ ಸೋಂಕು, ನೀರಿನ ಕೊರತೆ ಅಥವಾ ಹೊಸ ಮಾತ್ರೆಯ ಪರಿಣಾಮವಾಗಿರುವ ಸಂಭವ ಹೆಚ್ಚು. ಆಗ ಬೇಕಾದದ್ದು ಪುಸ್ತಕವಲ್ಲ, ಅಂದೇ ವೈದ್ಯರ ಪರೀಕ್ಷೆ.

ಎರಡನೆಯ ಪುಸ್ತಕ ರೋಗಿಗಿಂತ ನೋಡಿಕೊಳ್ಳುವವರಿಗೆ ಬೇಕಾದದ್ದು: ಪಾಲಿನ್ ಬಾಸ್ ಅವರ 2011ರ ‘ಲವಿಂಗ್ ಸಮ್‌ವನ್ ಹೂ ಹ್ಯಾಸ್ ಡಿಮೆನ್ಶಿಯಾ’. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಬಾಸ್, ದೇಹವಿಲ್ಲದೆ ಮನಸ್ಸಿನಲ್ಲಿ ಉಳಿದವರ ದುಃಖಕ್ಕೂ, ದೇಹವಿದ್ದು ಮನಸ್ಸು ದೂರವಾದವರ ದುಃಖಕ್ಕೂ ಒಂದೇ ಹೆಸರಿಟ್ಟರು: ಅಸ್ಪಷ್ಟ ನಷ್ಟ. ತಿಥಿಯಿಲ್ಲದ, ಸೂತಕವಿಲ್ಲದ ದುಃಖ ಇದು. ಇದನ್ನು ಮುಗಿಸಿಬಿಡುವ ದಾರಿಯನ್ನು ಅವರು ಹೇಳುವುದಿಲ್ಲ. ಅಮ್ಮ ಇದ್ದಾರೆ, ಅಮ್ಮ ಇಲ್ಲ ಎಂಬ ಎರಡು ಮಾತೂ ಒಟ್ಟಿಗೆ ನಿಜವೆಂದು ಒಪ್ಪಿ ಬಾಳಲು ಹೇಳುತ್ತಾರೆ. ಈ ಪುಸ್ತಕವನ್ನು ನಾನು ಓದಿ ಕನ್ನಡದಲ್ಲಿ ಹೇಳುವಾಗ ಬೀನ್ಸ್ ಬಿಡಿಸುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ, “ಆ ಪುಟ ಇನ್ನೊಂದು ಸಲ ಹೇಳು” ಎಂದರು.